ಬ್ಯಾಂಡಿನ ಬೆನ್ನು ನೋಡಿ, ಚಾರ್ಜರ್ ಕೊಳ್ಳಿ

ಡ್ರಾಯರ್ ಗುಡಿಸುವಾಗ ಹಳೆಯ ಕಪ್ಪು ಫಿಟ್‌ನೆಸ್ ಬ್ಯಾಂಡೊಂದು ಸಿಗುತ್ತದೆ. ಡಬ್ಬವಿಲ್ಲ, ಚಾರ್ಜರ್ ಇಲ್ಲ, ಪರದೆಯೂ ಹೊತ್ತಿಕೊಳ್ಳುವುದಿಲ್ಲ. ಅಂಗಡಿಯವರು ಕೇಳುವುದು ಮಾತ್ರ ಒಂದೇ: ‘ಯಾವ ಮಾಡೆಲ್?’

ನಮ್ಮಲ್ಲಿ ಬಹಳ ಮಾರಾಟವಾದ ಶಿಯೋಮಿಯ ಮಿ ಬ್ಯಾಂಡ್‌ಗಳನ್ನೇ ನೋಡೋಣ. ಪಟ್ಟಿ ಒಂದೇ ತುಂಡಾಗಿದ್ದು, ಗುಂಡಿಯನ್ನು ರಂಧ್ರಕ್ಕೆ ಒತ್ತಿ ಕಟ್ಟುವಂತಿದ್ದರೆ ಅದು ಹಳೆಯ ತಲೆಮಾರಿನದಿರಬಹುದು. ಎರಡು ತುಂಡಾಗಿ ಎರಡೂ ಬದಿಯಿಂದ ಕಳಚಿಕೊಳ್ಳುವುದು 8ನೆಯ ಬ್ಯಾಂಡಿನಿಂದ ಈಚಿನದು. ಪಟ್ಟಿ ಹೇಳುವುದು ಇಷ್ಟೇ. 3 ಮತ್ತು 4ರ ಪಟ್ಟಿಗಳು ಒಂದಕ್ಕೊಂದು ಹೊಂದುತ್ತವೆ, 5 ಮತ್ತು 6ರದೂ ಹಾಗೆಯೇ. ಮೇಲಾಗಿ ಪಟ್ಟಿ ಹರಿದಾಗ ಬೇರೆಯದನ್ನು ಹಾಕಿರಬಹುದು.

ಆದ್ದರಿಂದ ಪಟ್ಟಿಯನ್ನು ತೆಗೆದು, ಒಳಗಿನ ಗುಳಿಗೆಯಾಕಾರದ ಯಂತ್ರವನ್ನು ಹೊರಗೆ ಒತ್ತಿ, ಬೆನ್ನನ್ನು ಬೆಳಕಿಗೆ ಹಿಡಿಯಬೇಕು. ನಡುವಿನ ಕಪ್ಪು ಗಾಜಿನ ಕಿಟಕಿ ಹೃದಯಬಡಿತದ ಸಂವೇದಕ. ಚಾರ್ಜಿಂಗಿಗೆ ಅದು ಸಂಬಂಧವಿಲ್ಲ. ಹುಡುಕಬೇಕಾದ್ದು ಪಕ್ಕದಲ್ಲಿರುವ ಎರಡು ಲೋಹದ ಚುಕ್ಕೆಗಳನ್ನು. ಅವು ಇದ್ದು, ಪರದೆ ಚಿಕ್ಕದಾಗಿ 0.95 ಇಂಚಿನಷ್ಟಿದ್ದರೆ ಅದು 4ನೆಯದು. ಯಂತ್ರವನ್ನು ಕೂರಿಸುವ ತೊಟ್ಟಿಯಂಥ ಚಾರ್ಜರ್ ಬೇಕು. ಪರದೆ 1.1 ಇಂಚಾದರೆ 5, 1.56 ಇಂಚಾದರೆ 6. ಇವೆರಡನ್ನು ಬೇರ್ಪಡಿಸಲು ತಲೆಕೆಡಿಸಿಕೊಳ್ಳುವುದೇ ಬೇಡ, ಏಕೆಂದರೆ 5, 6, 7ಕ್ಕೆ ಒಂದೇ ಆಯಸ್ಕಾಂತದ ಚಾರ್ಜರ್ ಸಾಕು. ಬೆನ್ನಿನ ಸಣ್ಣ ಅಕ್ಷರಗಳಲ್ಲಿ XMSH07HM ಎಂದಿದ್ದರೆ 4, XMSH10HM ಎಂದಿದ್ದರೆ 5, XMSH15HM ಎಂದಿದ್ದರೆ 6. ಅಕ್ಷರ ಮಾಸಿಲ್ಲದಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ.

ಬೆನ್ನಿನಲ್ಲಿ ಚುಕ್ಕೆಗಳೇ ಇಲ್ಲದೆ, ಒಂದು ಬದಿಯ ಪಟ್ಟಿಯನ್ನು ಎಳೆದಾಗ ನಾಲ್ಕು ಚಿನ್ನದ ಬಣ್ಣದ ಗೆರೆಗಳಿರುವ ಚಪ್ಪಟೆ ನಾಲಿಗೆ ಹೊರಬಂದರೆ? ಅದು ಬೇರೆ ಬಗೆಯ ಬ್ಯಾಂಡ್. ಅದಕ್ಕೆ ಚಾರ್ಜರನ್ನೇ ಕೊಳ್ಳಬೇಕಿಲ್ಲ. ಆ ನಾಲಿಗೆಯನ್ನು ನೇರವಾಗಿ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಬೇಕು. ಚಾರ್ಜ್ ಆಗದಿದ್ದರೆ ಮಗುಚಿ ಸಿಕ್ಕಿಸಬೇಕು.

ಹೆಸರಿಲ್ಲದ ಸ್ಮಾರ್ಟ್‌ವಾಚುಗಳದು ಬೇರೆಯೇ ಫಜೀತಿ. ಅವುಗಳ ಎರಡು ಚುಕ್ಕೆಗಳ ನಡುವಿನ ಅಂತರವನ್ನು, ಒಂದರ ನಡುಬಿಂದುವಿನಿಂದ ಇನ್ನೊಂದರ ನಡುಬಿಂದುವಿಗೆ ಅಳೆಯಬೇಕು. ಮಾರುಕಟ್ಟೆಯ ಆಯಸ್ಕಾಂತದ ಕೇಬಲುಗಳು 2.84 ಮಿಲಿಮೀಟರ್, 4 ಮಿಲಿಮೀಟರ್ ಮುಂತಾದ ಅಳತೆಗಳಲ್ಲಿ ಸಿಗುತ್ತವೆ. ಕಣ್ಣಂದಾಜಿಗೆ ಈ ಎರಡೂ ಒಂದೇ ಎನ್ನಿಸಬಹುದು. ಅಳತೆ ಕೂಡಿದರೂ ಧನ, ಋಣ ಅದಲುಬದಲಾಗಿರಬಹುದು. ಕೇಬಲ್ ತಾನಾಗಿ ಅಂಟಿಕೊಳ್ಳದೆ ದೂರ ತಳ್ಳಿಕೊಂಡರೆ ಬಲವಂತವಾಗಿ ಒತ್ತಿ ಹಿಡಿಯಬೇಡಿ. ಅಂಗಡಿಗೆ ಹೋಗುವಾಗ ವಾಚನ್ನೇ ಒಯ್ಯಿರಿ, ಅಲ್ಲೇ ಹಚ್ಚಿ ಚಾರ್ಜಿಂಗ್ ಗುರುತು ಕಂಡ ಮೇಲೆಯೇ ಹಣ ಕೊಡಿ. ಬಹುಕಾಲ ಖಾಲಿಯಾಗಿದ್ದ ಬ್ಯಾಟರಿಗೆ ಗುರುತು ತೋರಿಸಲು ಕೆಲವು ನಿಮಿಷ ಹಿಡಿಯಬಹುದು.