ಕೆಲಸಕ್ಕೆ ಬಂದಾಯ್ತು, ಪಾಳಿ ರದ್ದಾಯ್ತು: ಸಂಬಳ ಎಷ್ಟು?

ಲಾಸ್ ಏಂಜಲೀಸಿನ ಒಂದು ಬರ್ಗರ್ ಅಂಗಡಿ. ಬೆಳಗ್ಗೆ ಹತ್ತಕ್ಕೆ ಶುರುವಾಗುವ ಎಂಟು ಗಂಟೆಯ ಪಾಳಿಗೆ ಕೆಲಸಗಾರ್ತಿಯೊಬ್ಬಳು ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ಎರಡು ಬಸ್ಸು ಹಿಡಿದಿದ್ದಾಳೆ, ಮಗುವನ್ನು ನೋಡಿಕೊಳ್ಳುವವರಿಗೆ ಇಡೀ ದಿನದ ದುಡ್ಡು ಕೊಟ್ಟಿದ್ದಾಳೆ. ಹನ್ನೊಂದಕ್ಕೆ ಮ್ಯಾನೇಜರ್ ಬಂದು, ಗಿರಾಕಿಗಳಿಲ್ಲ, ಮನೆಗೆ ಹೋಗು ಅನ್ನುತ್ತಾನೆ. ದುಡಿದದ್ದು ಒಂದೇ ಗಂಟೆ. ಆದರೆ ಕ್ಯಾಲಿಫೋರ್ನಿಯಾದ ನಿಯಮದ ಪ್ರಕಾರ ಅವಳಿಗೆ ನಾಲ್ಕು ಗಂಟೆಯ ಸಂಬಳ ಕೊಡಲೇಬೇಕು.

ಅಲ್ಲಿ ಇದಕ್ಕೆ 'ರಿಪೋರ್ಟಿಂಗ್ ಟೈಮ್ ಪೇ' ಅನ್ನುತ್ತಾರೆ. ಕರೆದ ಹೊತ್ತಿಗೆ ಬಂದವರಿಗೆ ಆ ದಿನದ ಪಾಳಿಯ ಅರ್ಧಕ್ಕಿಂತ ಕಡಿಮೆ ಕೆಲಸ ಸಿಕ್ಕರೆ, ಅರ್ಧ ಪಾಳಿಯ ಕೂಲಿ ಸಲ್ಲಬೇಕು. ಅದು ಎರಡು ಗಂಟೆಗಿಂತ ಕಡಿಮೆ ಆಗುವಂತಿಲ್ಲ, ನಾಲ್ಕನ್ನು ಮೀರಬೇಕಿಲ್ಲ. ಹತ್ತು ಗಂಟೆಯ ಪಾಳಿಗೆ ಬಂದು ಬಾಗಿಲಲ್ಲೇ ವಾಪಸಾದವನಿಗೂ ನಾಲ್ಕೇ. ಮೂರು ಗಂಟೆಯ ಪಾಳಿಗೆ ಬಂದವನಿಗೆ ಒಂದೂವರೆ ಅಲ್ಲ, ಎರಡು. ನಮ್ಮ ಬರ್ಗರ್ ಅಂಗಡಿಯಾಕೆ ಐದು ಗಂಟೆ ದುಡಿದು ಹೊರಟಿದ್ದರೆ ಆ ಐದರ ಕೂಲಿ ಮಾತ್ರ. ಅರ್ಧ ದಾಟಿದ ಮೇಲೆ ಈ ನಿಯಮಕ್ಕೆ ಕೆಲಸವಿಲ್ಲ. ತಾನಾಗಿಯೇ ರಜೆ ಕೇಳಿ ಹೋದವರಿಗೂ ಇದು ಅನ್ವಯಿಸದು.

ದೊಡ್ಡ ಫಾಸ್ಟ್‌ಫುಡ್ ಸರಣಿಗಳಲ್ಲಿ 2024ರ ಏಪ್ರಿಲ್‌ನಿಂದ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 20 ಡಾಲರ್. ಅಂದರೆ ಅವಳಿಗೆ ಬರಬೇಕಾದ್ದು 80 ಡಾಲರ್: ದುಡಿದ ಗಂಟೆಗೆ 20, ದುಡಿಯದ ಮೂರು ಗಂಟೆಗೆ 60. ಹೀಗೆ ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆ ಮೂರು ಗಂಟೆ ಓವರ್‌ಟೈಮ್ ಲೆಕ್ಕಕ್ಕೆ ಸೇರುವುದಿಲ್ಲ. ಆ ವಾರ ಅವಳು ಆಗಲೇ 40 ಗಂಟೆ ದುಡಿದು ಆರನೆಯ ದಿನ ಬಂದಿದ್ದರೆ, ನಿಜವಾಗಿ ದುಡಿದ ಒಂದು ಗಂಟೆಗೆ ಒಂದೂವರೆ ಪಟ್ಟು, 30 ಡಾಲರ್. ಉಳಿದ ಮೂರಕ್ಕೆ ಮಾಮೂಲಿ ದರ. ಒಟ್ಟು 90.

ಜಗಳ ಹುಟ್ಟುವುದು ಕಾರಣದ ಬಗ್ಗೆ. ಕರೆಂಟು, ನೀರು ಅಥವಾ ಗ್ಯಾಸ್ ಸರಬರಾಜು ನಿಂತುಹೋದರೆ, ಭೂಕಂಪವಾದರೆ, ಕೆಲಸ ನಿಲ್ಲಿಸಿ ಎಂದು ಸರ್ಕಾರಿ ಅಧಿಕಾರಿಗಳೇ ಹೇಳಿದರೆ ಮಾಲೀಕ ಈ ಹಣ ಕೊಡಬೇಕಿಲ್ಲ. ಗಿರಾಕಿಗಳು ಬರಲಿಲ್ಲ, ಪಟ್ಟಿ ಹಾಕುವಾಗ ಒಬ್ಬರು ಹೆಚ್ಚಾದರು ಎಂಬುದು ಆ ಸಾಲಿಗೆ ಸೇರುವುದಿಲ್ಲ. ವ್ಯಾಪಾರ ಎಷ್ಟಾದೀತೆಂದು ಅಂದಾಜು ಮಾಡುವುದು ಮಾಲೀಕನ ಪಾಲಿನ ಕೆಲಸ, ಅದು ತಪ್ಪಿದ ನಷ್ಟವೂ ಅವನದೇ. ನನಗಂತೂ ಇದು ನ್ಯಾಯವಾಗಿಯೇ ಕಾಣುತ್ತದೆ.

ಬಾಗಿಲವರೆಗೆ ಬಾರದೆ ಫೋನಿನಲ್ಲೇ 'ಬಂದೆ' ಎಂದು ಹೇಳಿಸಿಕೊಳ್ಳುವ ಪದ್ಧತಿಯೂ ಬಂತು. ಟಿಲ್ಲೀಸ್ ಎಂಬ ಬಟ್ಟೆ ಅಂಗಡಿಗಳ ಸರಣಿಯಲ್ಲಿ ಕೆಲಸಗಾರರು ಪಾಳಿಗೆ ಎರಡು ಗಂಟೆ ಮೊದಲು ಫೋನ್ ಮಾಡಿ ಕೇಳಬೇಕಿತ್ತು. ಬೇಡ ಎಂದರೆ ಕಾಸಿಲ್ಲ, ಆದರೆ ಆ ಹೊತ್ತನ್ನು ಬೇರೆ ಕೆಲಸಕ್ಕೆ ಒಪ್ಪಿಸುವ ಹಾಗೂ ಇಲ್ಲ. 2019ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಹಾಗೆ ಕಡ್ಡಾಯವಾಗಿ ಫೋನ್ ಮಾಡುವುದೂ ಕೆಲಸಕ್ಕೆ ಹಾಜರಾದಂತೆಯೇ ಎಂದಿತು. ನಿಯಮ ಬರೆದವರು 1940ರ ದಶಕದಲ್ಲಿ ಇಂಥದ್ದನ್ನು ಯೋಚಿಸಿರಲಿಕ್ಕಿಲ್ಲ.

ಹಕ್ಕು ಕೈತಪ್ಪುವುದು ಬಹಳ ಸಲ ದಾಖಲೆ ಇಲ್ಲದ್ದರಿಂದ. ಪಂಚ್ ಮಾಡುವ ಮೊದಲೇ ವಾಪಸು ಕಳಿಸಿದರೆ ಕಂಪ್ಯೂಟರಿನ ಮಟ್ಟಿಗೆ ಆ ದಿನ ನೀವು ಬಂದೇ ಇಲ್ಲ. ವೇಳಾಪಟ್ಟಿಯ ಫೋಟೊ, ಮ್ಯಾನೇಜರನ ಸಂದೇಶ, ಬಸ್ಸಿನ ಟಿಕೆಟ್ ಆಗ ಸಾಕ್ಷಿ. ಸಂಬಳದ ಚೀಟಿಯಲ್ಲಿ ಆ ದಿನಕ್ಕೆ ಪಂಚ್ ಆದ ಗಂಟೆಗಳಷ್ಟೇ ಇದ್ದರೆ ಪಾವತಿ ಬಿಟ್ಟುಹೋಗಿದೆ ಎಂದರ್ಥ. ಅಲ್ಲಿನ ಲೇಬರ್ ಕಮಿಷನರ್ ಕಚೇರಿಗೆ ದೂರು ಕೊಡಬಹುದು.

ನಮ್ಮಲ್ಲಿ? 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇದರ ದಾಯಾದಿಯಂಥ ಮಾತೊಂದಿತ್ತು, ಅದರ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲೂ ಇದೆ. ಮಸ್ಟರ್ ರೋಲಿನಲ್ಲಿ ಹೆಸರಿರುವ ಕಾರ್ಮಿಕ ಸಮಯಕ್ಕೆ ಸರಿಯಾಗಿ ಗೇಟಿಗೆ ಬಂದು, ಎರಡು ಗಂಟೆಯೊಳಗೆ ಕೆಲಸ ಸಿಗದಿದ್ದರೆ ಆ ದಿನ 'ಲೇ-ಆಫ್' ಎಂದು ಲೆಕ್ಕ. ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಪರಿಹಾರ. ಮಧ್ಯಾಹ್ನದ ಅರ್ಧಕ್ಕೆ ಬಾ ಎಂದು ಹೇಳಿ, ಬಂದ ಮೇಲೂ ಕೆಲಸ ಕೊಡದಿದ್ದರೆ ಆ ಅರ್ಧ ದಿನಕ್ಕೆ ಪೂರ್ತಿ ಕೂಲಿ. ಎರಡನೆಯ ಸಲ ಸುಮ್ಮನೆ ಕರೆಸಿದ್ದಕ್ಕೆ ಹೆಚ್ಚಿನ ಬೆಲೆ ತೆರಬೇಕು, ಸರಿಯೇ. ಆದರೆ ಆ ಪರಿಹಾರಕ್ಕೆ ಒಂದು ವರ್ಷದ ನಿರಂತರ ಸೇವೆ ಆಗಿರಬೇಕು, ಕಾರ್ಖಾನೆಯಲ್ಲಿ ಕನಿಷ್ಠ 50 ಕಾರ್ಮಿಕರಿರಬೇಕು. ಬದಲಿ ಮತ್ತು ಹಂಗಾಮಿ ಕೆಲಸಗಾರರು ಹೊರಗೆ. ಬೆಳಗ್ಗೆ ಬಂದು ಗೇಟಿನಿಂದಲೇ ಮರಳುವವರು ಹೆಚ್ಚಾಗಿ ಅವರೇ.