ಅನುವಾದಕರ ಒಂದು ಪ್ರಶ್ನೆ

ಹೊಸ ಔಷಧಿಯ ಪ್ರಯೋಗಕ್ಕೆ ಸೇರುವವರು ಮೊದಲು ಒಂದು ಒಪ್ಪಿಗೆ ಪತ್ರ ಓದಿ ಸಹಿ ಹಾಕಬೇಕು. ಓದುವವರಿಗೆ ಅರ್ಥವಾಗುವ ಭಾಷೆಯಲ್ಲೇ ಅದು ಇರಬೇಕೆಂಬುದು ನಿಯಮ. ಹಾಗಾಗಿ ಇಂಗ್ಲಿಷಿನಲ್ಲಿ ತಯಾರಾದ ಪತ್ರಗಳು ಕನ್ನಡಕ್ಕೂ ಬರುತ್ತವೆ. ಈ ಕೆಲಸದ ದೊಡ್ಡ ಪಾಲನ್ನು ಮನೆಯಲ್ಲಿ ಕೂತು, ಏಜೆನ್ಸಿಗಳ ಮೂಲಕ ಮಾಡುವವರು ಸ್ವತಂತ್ರ ಅನುವಾದಕರು. ಅವರ ಕೈಗೆ ಇಂಥದೊಂದು ವಾಕ್ಯ ಬಂತೆನ್ನಿ: "ಪೇಷೆಂಟ್ಸ್ ವಿತ್ ಡಯಾಬಿಟಿಸ್ ಆರ್ ಹೈ ಬ್ಲಡ್ ಪ್ರೆಷರ್ ಹೂ ಆರ್ ಆನ್ ಮೆಡಿಕೇಷನ್ ಷುಡ್ ನಾಟ್ ಜಾಯಿನ್ ದಿಸ್ ಸ್ಟಡಿ."

ಔಷಧಿ ತೆಗೆದುಕೊಳ್ಳುವ ಮಾತು ಯಾರಿಗೆ ಅನ್ವಯ? ಎರಡೂ ಕಾಯಿಲೆಯವರಿಗೋ, ಬಿ.ಪಿ. ಇರುವವರಿಗಷ್ಟೆಯೋ? ಮಾತ್ರೆಯಿಲ್ಲದೆ ಪಥ್ಯದಲ್ಲೇ ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಟ್ಟುಕೊಂಡಿರುವ ಒಬ್ಬರನ್ನು ನೆನೆಸಿಕೊಳ್ಳಿ. ಮೊದಲನೆಯ ಅರ್ಥದಲ್ಲಿ ಅವರು ಪ್ರಯೋಗಕ್ಕೆ ಸೇರಬಹುದು, ಎರಡನೆಯದರಲ್ಲಿ ಸೇರುವಂತಿಲ್ಲ. ಕೊನೆಗೆ ತಪಾಸಣೆ ಮಾಡಿ ನಿರ್ಧರಿಸುವವರು ವೈದ್ಯರೇ, ನಿಜ. ಆದರೆ ಪತ್ರ ಓದಿದ ರೋಗಿ "ಇದು ನನಗಲ್ಲ" ಎಂದು ಎದ್ದುಹೋದರೆ ವೈದ್ಯರವರೆಗೆ ವಿಷಯ ಮುಟ್ಟುವುದೇ ಇಲ್ಲ.

ಸಂದಿಗ್ಧ ಇದ್ದ ಹಾಗೇ ಕನ್ನಡಕ್ಕೂ ಬರಲಿ ಎಂದು ಬಿಡುವಂತಿಲ್ಲ. ಇಂಗ್ಲಿಷಿನಲ್ಲಿ ಆ ವಿಶೇಷಣ ಕಾಯಿಲೆಗಳ ಹೆಸರಿನ ಹಿಂದೆ ಬಂದರೆ ಕನ್ನಡದಲ್ಲಿ ಮುಂದೆ ಬರುತ್ತದೆ. "ಔಷಧಿ ತೆಗೆದುಕೊಳ್ಳುತ್ತಿರುವ ಮಧುಮೇಹಿಗಳು ಅಥವಾ ಅಧಿಕ ರಕ್ತದೊತ್ತಡ ಇರುವವರು" ಎಂದು ಬರೆದೊಡನೆ ಷರತ್ತು ಮಧುಮೇಹಿಗಳಿಗೆ ಅಂಟಿಕೊಂಡು, ರಕ್ತದೊತ್ತಡ ಇರುವ ಎಲ್ಲರೂ ಹೊರಗುಳಿಯಬೇಕೆಂಬ ಅರ್ಥ ಹುಟ್ಟುತ್ತದೆ. ಮೂಲದಲ್ಲಿ ಆ ಅರ್ಥ ಇರಲೇ ಇಲ್ಲ. ಇಂಥ ಪತ್ರಗಳನ್ನು ಇನ್ನೊಬ್ಬರ ಕೈಯಲ್ಲಿ ಮರಳಿ ಇಂಗ್ಲಿಷಿಗೆ ಮಾಡಿಸಿ ಹೋಲಿಸುವ ಪದ್ಧತಿಯಿದೆ. ಅಲ್ಲೂ ಅದೇ ಪದಗಳು ತುಸು ಹಿಂದುಮುಂದಾಗಿ ಬಂದಿರುತ್ತವೆ, ಪರಿಶೀಲಿಸುವವರು ಸರಿ ಎಂದು ಮುಂದೆ ಹೋಗಿಬಿಡಬಹುದು.

ಆದ್ದರಿಂದ ಕೇಳಲೇಬೇಕು. ಕೇಳುವ ಮೊದಲು ಕಡತವನ್ನೆಲ್ಲ ಹುಡುಕಬೇಕು. ಯಾರು ಸೇರಬಹುದು, ಯಾರು ಸೇರಬಾರದು ಎಂಬ ಪಟ್ಟಿ ಬೇರೆ ಪುಟದಲ್ಲಿ ಬಿಡಿಬಿಡಿಯಾಗಿ ಇದ್ದರೆ ಉತ್ತರ ಅಲ್ಲೇ ಸಿಗುತ್ತದೆ. ಸಿಗದಿದ್ದಾಗ ಬರೆಯುವ ಪತ್ರ ಇಂಗ್ಲಿಷಿನಲ್ಲಿ ಹೋಗುತ್ತದೆ, ಏಕೆಂದರೆ ಓದುವವರಿಗೆ ಕನ್ನಡ ಬಾರದು. ಅದರ ಸಾರ ಹೀಗಿರುತ್ತದೆ:

"ವಿಷಯ: ಒಪ್ಪಿಗೆ ಪತ್ರದ ಕನ್ನಡ ಅನುವಾದ, ಪುಟ 2, ಒಂದು ಪ್ರಶ್ನೆ. ಬುಧವಾರ ಸಂಜೆಯೊಳಗೆ ಉತ್ತರ ಬೇಕು.

ನಮಸ್ಕಾರ. ಪುಟ 2ರ ಮೂರನೆಯ ಪ್ಯಾರಾದ ಈ ಕೆಳಗಿನ ವಾಕ್ಯಕ್ಕೆ ಎರಡು ಅರ್ಥ ಬರುತ್ತದೆ. ಇದೇ ವಾಕ್ಯ ಪುಟ 7ರಲ್ಲೂ ಇದೆ. (ಅ) ಎರಡರಲ್ಲಿ ಯಾವ ಕಾಯಿಲೆ ಇದ್ದರೂ, ಔಷಧಿ ತೆಗೆದುಕೊಳ್ಳುತ್ತಿರುವವರು ಮಾತ್ರ ಸೇರುವಂತಿಲ್ಲ. (ಆ) ಮಧುಮೇಹ ಇರುವ ಯಾರೂ ಸೇರುವಂತಿಲ್ಲ. ರಕ್ತದೊತ್ತಡ ಇರುವವರಲ್ಲಿ ಔಷಧಿ ತೆಗೆದುಕೊಳ್ಳುತ್ತಿರುವವರು ಮಾತ್ರ ಸೇರುವಂತಿಲ್ಲ. ಕನ್ನಡದಲ್ಲಿ ಇವೆರಡನ್ನೂ ಒಂದೇ ವಾಕ್ಯದಲ್ಲಿ ಹಿಡಿದಿಡಲು ಆಗುವುದಿಲ್ಲ. ಯಾವುದು ಸರಿ? ಔಷಧಿ ಎಂದರೆ ಆಯಾ ಕಾಯಿಲೆಯ ಔಷಧಿ ಎಂದುಕೊಂಡಿದ್ದೇನೆ, ಅಲ್ಲವಾದರೆ ತಿಳಿಸಿ. ಉಳಿದ ಕೆಲಸ ಗುರುವಾರ ಒಪ್ಪಿಸುತ್ತೇನೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ (ಅ) ಅರ್ಥವನ್ನು ಹಳದಿ ಬಣ್ಣದಲ್ಲಿ ಗುರುತು ಮಾಡಿ ಕಳುಹಿಸುತ್ತೇನೆ. ಖಚಿತವಾಗುವ ಮುನ್ನ ಅದನ್ನು ಮುದ್ರಿಸಬೇಡಿ."

ಈ ಪತ್ರದಲ್ಲಿ "ಈ ವಾಕ್ಯದ ಅರ್ಥವೇನು?" ಎಂಬ ಪ್ರಶ್ನೆಯೇ ಇಲ್ಲ. ಹಾಗೆ ಕೇಳಿದರೆ "ಇದ್ದಂತೆ ಅನುವಾದಿಸಿ" ಎಂಬ ಉತ್ತರ ಬರುವುದು ಹೆಚ್ಚು, ಏಕೆಂದರೆ ಬರೆದವರ ಕಣ್ಣಿಗೆ ಅವರ ಮನಸ್ಸಿನಲ್ಲಿದ್ದ ಒಂದೇ ಅರ್ಥ ಕಾಣುತ್ತಿರುತ್ತದೆ. ಎರಡನ್ನೂ ಬಿಡಿಸಿ ಎದುರಿಗಿಟ್ಟಾಗ ಮಾತ್ರ ಅವರಿಗೂ ಸಂದೇಹ ಕಾಣುತ್ತದೆ. ಪತ್ರ ಮೊದಲು ತಲುಪುವುದು ಏಜೆನ್ಸಿಯ ಪ್ರಾಜೆಕ್ಟ್ ಮ್ಯಾನೇಜರ್‌ಗೆ, ಅಲ್ಲಿಂದ ಔಷಧ ಕಂಪನಿಗೆ. ನಡುವಿನವರು ಒಂದಕ್ಷರ ಸೇರಿಸದೆ ಮುಂದಕ್ಕೆ ಕಳಿಸುವಂತಿರಬೇಕು, ಉತ್ತರಿಸುವವರಿಗೆ "ಆ" ಎಂದು ಬರೆದರೆ ಸಾಕಾಗಬೇಕು. ಎಷ್ಟೋ ದೂರದ ಊರಿನಿಂದ ಉತ್ತರ ಬರುವಾಗ ಒಂದು ಸುತ್ತು ಹೆಚ್ಚಾದರೂ ಒಂದು ದಿನ ಹೋಗುತ್ತದೆ. ಹೀಗಾಗಿ ಇಂಥ ಪ್ರಶ್ನೆಯನ್ನು ಕೆಲಸ ಒಪ್ಪಿಸುವ ಹಿಂದಿನ ರಾತ್ರಿ ಕಳಿಸಿದರೆ ಪ್ರಯೋಜನ ಕಡಿಮೆ. ಮೊದಲ ಓದಿನಲ್ಲೇ ಸಂದೇಹಗಳನ್ನು ಗುರುತಿಸಿ ಒಟ್ಟಿಗೆ ಕೇಳುವುದು ಒಳ್ಳೆಯದು.

ಇದೇ ವಾಕ್ಯ ಒಂದು ಕರಾರುಪತ್ರದಲ್ಲಿ ಬಂದಿದ್ದರೆ ಪ್ರಶ್ನೆ ಬೇರೆಯಾಗುತ್ತಿತ್ತು. ಅಲ್ಲಿ ಅಸ್ಪಷ್ಟತೆಯನ್ನು ಬೇಕೆಂದೇ ಇಟ್ಟಿರಬಹುದು, ಅದನ್ನು ಅನುವಾದಕರು ತಾವಾಗಿ ಬಿಡಿಸುವಂತಿಲ್ಲ.

ಉತ್ತರ "ಆ" ಎಂದು ಬಂದರೆ ಕನ್ನಡ ಎರಡು ವಾಕ್ಯಗಳಾಗಿ ಒಡೆಯುತ್ತದೆ: "ಮಧುಮೇಹ ಇರುವ ಯಾರೂ ಈ ಅಧ್ಯಯನಕ್ಕೆ ಸೇರುವಂತಿಲ್ಲ. ಅಧಿಕ ರಕ್ತದೊತ್ತಡಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರೂ ಸೇರುವಂತಿಲ್ಲ." ಪುಟ 7ರಲ್ಲೂ ಹೀಗೇ ತಿದ್ದಬೇಕು. ಅನುವಾದದ ತಂತ್ರಾಂಶ ಹಳೆಯ ವಾಕ್ಯಗಳನ್ನು ನೆನಪಿಟ್ಟುಕೊಂಡು ಮುಂದಿನ ಕಡತಗಳಲ್ಲಿ ತಾನೇ ತಂದು ಕೂರಿಸುವುದರಿಂದ, ಅಲ್ಲಿ ಉಳಿದ (ಅ) ರೂಪವನ್ನೂ ಅಳಿಸಬೇಕು. ಕಂಪನಿಯವರು ಮೂಲ ಇಂಗ್ಲಿಷನ್ನೇ ತಿದ್ದಲು ಹೊರಟರೆ ಪತ್ರದ ಆವೃತ್ತಿ ಸಂಖ್ಯೆ ಮತ್ತು ದಿನಾಂಕ ಬದಲಾಗುತ್ತದೆ, ಅದು ಮತ್ತೆ ನೈತಿಕ ಸಮಿತಿಯ ಮುಂದೆ ಹೋಗಬೇಕಾಗುತ್ತದೆ. ಆಗ ಕನ್ನಡ ಪ್ರತಿಯ ಮೇಲೂ ಹೊಸ ಸಂಖ್ಯೆ ಬರಬೇಕು.