ತಿಂಗಳ ಖರ್ಚಿನ ಹರಿವು ನಕ್ಷೆ: ಬಂದದ್ದಕ್ಕೂ ಹೋದದ್ದಕ್ಕೂ ತಾಳೆ

ಮನೆಗೆ ಬರುವ ಹಣವನ್ನೂ ಮನೆಯಿಂದ ಹೋಗುವ ಹಣವನ್ನೂ ಒಂದೇ ಹಾಳೆಯ ಮೇಲೆ ಪಟ್ಟೆಗಳಾಗಿ ಬರೆದು ತೋರಿಸುವ ಚಿತ್ರಕ್ಕೆ ಸ್ಯಾಂಕಿ ನಕ್ಷೆ ಎನ್ನುತ್ತಾರೆ. ಎಡಗಡೆಯಿಂದ ಆದಾಯದ ಪಟ್ಟೆಗಳು ಬಂದು ನಡುವೆ ‘ಮನೆ’ ಎಂಬ ಕಂಬವನ್ನು ಸೇರುತ್ತವೆ. ಅದರ ಬಲಗಡೆಯಿಂದ ದಿನಸಿ, ಸಾಲದ ಕಂತು, ಶಾಲೆ, ಔಷಧಿ ಎಂದು ಕವಲೊಡೆದು ಹೊರಡುತ್ತವೆ. ಪ್ರತಿ ಪಟ್ಟೆಯ ಅಗಲ ಅದರ ಮೊತ್ತಕ್ಕೆ ತಕ್ಕಷ್ಟೇ ಇರಬೇಕು. ಎರಡು ಸಾವಿರಕ್ಕೆ ನಾಲ್ಕು ಮಿಲಿಮೀಟರ್ ಎಂದಾದರೆ ನಾಲ್ಕು ಸಾವಿರಕ್ಕೆ ಎಂಟು ಮಿಲಿಮೀಟರ್. ಎಡಗಡೆಯ ಪಟ್ಟೆಗಳ ಒಟ್ಟು ಅಗಲವೂ ಬಲಗಡೆಯ ಪಟ್ಟೆಗಳ ಒಟ್ಟು ಅಗಲವೂ ಸಮನಾಗಿರಬೇಕು ಎಂಬುದು ಎರಡನೆಯ ನಿಯಮ. ನಕ್ಷೆಯ ನಿಜವಾದ ಉಪಯೋಗವೆಲ್ಲ ಈ ಎರಡನೆಯ ನಿಯಮದಲ್ಲಿದೆ.

ಹೆಸರು ಬಂದದ್ದು ಐರ್ಲೆಂಡ್ ಮೂಲದ ಎಂಜಿನಿಯರ್ ಮ್ಯಾಥ್ಯೂ ಹೆನ್ರಿ ಫಿನಿಯಸ್ ರಿಯಾಲ್ ಸ್ಯಾಂಕಿ ಅವರಿಂದ. 1898ರಲ್ಲಿ ಅವರು ಉಗಿಯಂತ್ರದೊಳಗೆ ಶಾಖ ಎಲ್ಲೆಲ್ಲಿ ಸೋರಿಹೋಗುತ್ತದೆ, ಎಷ್ಟು ಮಾತ್ರ ಕೆಲಸವಾಗುತ್ತದೆ ಎಂಬುದನ್ನು ಹೀಗೆ ಪಟ್ಟೆಗಳಲ್ಲಿ ತೋರಿಸಿದರು. (ಬೆಂಗಳೂರಿನ ಸ್ಯಾಂಕಿ ಕೆರೆ ಕಟ್ಟಿಸಿದ ರಿಚರ್ಡ್ ಹೈರಾಮ್ ಸ್ಯಾಂಕಿ ಬೇರೆಯವರು.) ಅಗಲದಿಂದ ಪ್ರಮಾಣ ತೋರಿಸುವ ಉಪಾಯ ಅದಕ್ಕೂ ಹಿಂದಿನದು. ನೆಪೋಲಿಯನ್ ಸೈನ್ಯ ರಷ್ಯಾಕ್ಕೆ ಹೋಗಿ ಕರಗಿ ಹಿಂದಿರುಗಿದ್ದನ್ನು ಫ್ರಾನ್ಸಿನ ಶಾರ್ಲ್ ಮಿನಾರ್ 1869ರಲ್ಲಿ ಇದೇ ರೀತಿ ಚಿತ್ರಿಸಿದ್ದರು. ಆದರೆ ಉಗಿಯಂತ್ರದ ಚಿತ್ರಕ್ಕೆ ಹಣದ ಲೆಕ್ಕದೊಂದಿಗೆ ಹತ್ತಿರದ ನಂಟಿದೆ. ಶಾಖ ಮಾಯವಾಗಲಾರದು, ಒಳಗೆ ಬಂದದ್ದು ಎಲ್ಲಿಂದಲಾದರೂ ಹೊರಗೆ ಹೋಗಿರಲೇಬೇಕು. ರೂಪಾಯಿಯೂ ಹಾಗೆಯೇ.

ಹಣದ ವಿಷಯದಲ್ಲಿ ಈ ಮಾತನ್ನು ಹಳೆಯ ಕಿರ್ದಿ ಪುಸ್ತಕಗಳ ಭಾಷೆಯಲ್ಲಿ ಹೇಳುವುದಾದರೆ: ಆರಂಭದ ಶಿಲ್ಕು ಮತ್ತು ತಿಂಗಳಲ್ಲಿ ಬಂದದ್ದು ಸೇರಿದರೆ, ತಿಂಗಳಲ್ಲಿ ಹೋದದ್ದು ಮತ್ತು ಕೊನೆಯ ಶಿಲ್ಕು ಸೇರಿದಷ್ಟೇ ಆಗಬೇಕು. ಹಾಗಾಗಿ ನಕ್ಷೆ ಬರೆಯುವ ಮೊದಲು ಬೇಕಾದದ್ದು ಖರ್ಚಿನ ಪಟ್ಟಿಯಲ್ಲ. ಒಂದನೇ ತಾರೀಕಿನ ಬೆಳಿಗ್ಗೆ ಮತ್ತು ಕೊನೆಯ ತಾರೀಕಿನ ರಾತ್ರಿ ಬ್ಯಾಂಕಿನಲ್ಲೂ ಬೀರುವಿನಲ್ಲೂ ಒಟ್ಟು ಎಷ್ಟು ಹಣವಿತ್ತು ಎಂಬ ಎರಡು ಅಂಕಿಗಳು ಮೊದಲು ಬೇಕು. ಶಿಲ್ಕು ಇಳಿದಿದ್ದರೆ ಇಳಿದಷ್ಟು ಹಣ ‘ಉಳಿತಾಯದಿಂದ ತೆಗೆದದ್ದು’ ಎಂದು ಎಡಗಡೆ ಬರುತ್ತದೆ. ಏರಿದ್ದರೆ ‘ಉಳಿದದ್ದು’ ಎಂದು ಬಲಗಡೆ ಹೋಗುತ್ತದೆ. ಈ ಪಟ್ಟೆಯನ್ನು ಬಿಟ್ಟು ಬರೆದ ನಕ್ಷೆ ತಾಳೆಯಾಗುವುದು ಆಕಸ್ಮಿಕ ಮಾತ್ರ.

ದಾವಣಗೆರೆಯಲ್ಲಿರುವ ನಾಲ್ವರ ಕುಟುಂಬವೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಗಂಡನಿಗೆ ಖಾಸಗಿ ಕಂಪನಿಯಲ್ಲಿ ಕೆಲಸ, ಕಡಿತಕ್ಕೆ ಮುಂಚಿನ ಸಂಬಳ 58,000 ರೂಪಾಯಿ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ಕೈಗೆ ಬರುವುದು 8,000. ತಿಂಗಳು ಜೂನ್, ಮಕ್ಕಳ ಶಾಲೆ ಶುರುವಾದ ತಿಂಗಳು. ಆರಂಭದ ಶಿಲ್ಕು 21,400, ಕೊನೆಯ ಶಿಲ್ಕು 9,100. ಅಂದರೆ ಉಳಿತಾಯದಿಂದ 12,300 ತೆಗೆದಿದ್ದಾರೆ. ಎಡಗಡೆಯ ಮೂರು ಪಟ್ಟೆಗಳು ಸೇರಿ 78,300. ಗ್ರಾಫ್ ಹಾಳೆಯಲ್ಲಿ ಒಂದು ಮಿಲಿಮೀಟರಿಗೆ 500 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು ಅಗಲ 156.6 ಮಿಲಿಮೀಟರ್. ಸಾಮಾನ್ಯ ಎ4 ಹಾಳೆಯಲ್ಲಿ ಪಟ್ಟೆಗಳ ನಡುವೆ ಸ್ವಲ್ಪ ಜಾಗ ಬಿಟ್ಟೂ ಇದು ಹಿಡಿಯುತ್ತದೆ.

ಸಂಬಳ ಪೂರ್ತಿ ಮನೆ ತಲುಪುವುದಿಲ್ಲ. ಪಿಎಫ್‌ಗೆ 3,600, ವೃತ್ತಿ ತೆರಿಗೆಗೆ 200 ಕಂಪನಿಯಲ್ಲೇ ಕಡಿತವಾಗಿ 54,200 ಖಾತೆಗೆ ಬೀಳುತ್ತದೆ. ಕೈಗೆ ಬಂದ ಸಂಬಳದಿಂದಲೇ ನಕ್ಷೆ ಶುರು ಮಾಡಿದರೂ ತಪ್ಪಲ್ಲ, ಆದರೆ ಆಗ ಪಿಎಫ್ ಎಲ್ಲೂ ಬರಬಾರದು. ಕೈಗೆ ಬಂದ ಸಂಬಳವನ್ನು ಎಡಗಡೆ ಬರೆದು ಪಿಎಫ್ ಅನ್ನು ಬಲಗಡೆ ಬರೆಯುವವರು ಬಹಳ, ಅಲ್ಲಿಗೆ ಲೆಕ್ಕ 3,600ರಷ್ಟು ಬಲಕ್ಕೆ ವಾಲುತ್ತದೆ. ಕಡಿತಕ್ಕೆ ಮುಂಚಿನ ಸಂಬಳದಿಂದ ಶುರು ಮಾಡುವುದೇ ಒಳ್ಳೆಯದು, ಏಕೆಂದರೆ ಕಣ್ಣಿಗೆ ಬೀಳದೆ ಕೂಡುತ್ತಿರುವ ಹಣವೂ ಆಗ ಕಾಣುತ್ತದೆ.

ಕಡಿತ ಕಳೆದು ಮನೆ ಎಂಬ ಕಂಬಕ್ಕೆ ಬಂದದ್ದು 74,500. ಪಾಸ್‌ಬುಕ್, ಫೋನಿನ ಯುಪಿಐ ಪಟ್ಟಿ, ಅಂಗಡಿಯ ಚೀಟಿಗಳನ್ನು ಹರಡಿಕೊಂಡು ಕೂಡಿಸಿದರೆ ಹೋದದ್ದು ಹೀಗೆ: ಶಾಲೆಯ ಫೀಸು, ಪುಸ್ತಕ, ಸಮವಸ್ತ್ರಕ್ಕೆ 22,200, ಮನೆ ಸಾಲದ ಇಎಂಐ 15,600, ದಿನಸಿ, ತರಕಾರಿ, ಹಾಲು, ಗ್ಯಾಸಿಗೆ 14,500, ಚೀಟಿ ಕಂತು 5,000, ಪೆಟ್ರೋಲು ಮತ್ತು ಬಸ್ಸಿಗೆ 3,600, ಬಟ್ಟೆ, ಹೋಟೆಲಿಗೆ 3,400, ಕರೆಂಟು, ನೀರು, ಫೋನಿಗೆ 2,300, ಅಜ್ಜಿಯ ಔಷಧಿಗೆ 2,100. ಒಟ್ಟು 68,700. ಕಂಬದ ಬಲಗಡೆ 5,800 ರೂಪಾಯಿಯಷ್ಟು, ಎಂದರೆ ಸುಮಾರು ಹನ್ನೊಂದೂವರೆ ಮಿಲಿಮೀಟರ್, ಖಾಲಿ ಉಳಿಯುತ್ತದೆ.

ಬರೀ ಖರ್ಚಿನ ಪಟ್ಟಿ ಬರೆದಿದ್ದರೆ ಈ ಖಾಲಿ ಜಾಗ ಗೊತ್ತೇ ಆಗುತ್ತಿರಲಿಲ್ಲ. ವೃತ್ತದ ಹೋಳುಗಳ ಚಿತ್ರದಲ್ಲೂ ಅಷ್ಟೇ, ಕೊಟ್ಟ ಅಂಕಿಗಳನ್ನೇ ನೂರು ಪಾಲು ಎಂದು ಹಂಚಿ ಅದು ಸುಮ್ಮನಾಗುತ್ತದೆ. ಸ್ಯಾಂಕಿ ನಕ್ಷೆಯಲ್ಲಿ ಕಂಬದ ಎರಡು ಬದಿಗಳ ಎತ್ತರ ಹೊಂದದಿದ್ದಾಗ ಹುಡುಕಲೇಬೇಕಾಗುತ್ತದೆ. ಈ ಮನೆಯಲ್ಲಿ ಹುಡುಕಿದಾಗ ಸೋದರ ಸಂಬಂಧಿಯ ಮದುವೆಗೆ ಲಕೋಟೆಯಲ್ಲಿಟ್ಟು ಕೊಟ್ಟ ಮುಯ್ಯಿ 2,500 ಸಿಗುತ್ತದೆ. ನಗದಾಗಿ ಕೊಟ್ಟದ್ದು, ಎಲ್ಲೂ ದಾಖಲಾಗಿಲ್ಲ. ನೂಲು, ಗುಂಡಿ, ಲೈನಿಂಗ್ ಬಟ್ಟೆ ಮತ್ತು ಹೊಲಿಗೆಯಂತ್ರದ ರಿಪೇರಿಗೆ ಹೋದ 1,900 ಸಿಗುತ್ತದೆ. ಇನ್ನೂ 1,400 ಯಾರಿಗೂ ನೆನಪಾಗುವುದಿಲ್ಲ.

ನೂಲು, ಗುಂಡಿಯ 1,900ನ್ನು ಎಲ್ಲಿಡಬೇಕೆಂಬುದು ಮುಖ್ಯ. ಅದು ಮನೆಖರ್ಚಲ್ಲ, ಹೊಲಿಗೆ ಕೆಲಸದ ಖರ್ಚು. ಆದ್ದರಿಂದ ಹೊಲಿಗೆಯ 8,000ದ ಪಟ್ಟೆ ಮನೆ ಸೇರುವ ಮೊದಲೇ ಕವಲೊಡೆದು 1,900 ಆಚೆ ಹೋಗಿ, 6,100 ಮಾತ್ರ ಕಂಬ ಸೇರಬೇಕು. ಹೊಲಿಗೆಯ ನಿಜವಾದ ಆದಾಯ ಎಷ್ಟೆಂಬುದು ಆಗಲೇ ಕಾಣುವುದು. ತಿದ್ದಿದ ಮೇಲೆ ಮನೆಗೆ ಬಂದದ್ದು 72,600. ಹೋದದ್ದು 68,700, ಮುಯ್ಯಿ 2,500, ನೆನಪಾಗದ 1,400 ಸೇರಿ ಅಷ್ಟೇ. ಆ ಕೊನೆಯ 1,400ನ್ನು ಹೋಟೆಲಿನ ಲೆಕ್ಕಕ್ಕೋ ತರಕಾರಿಯ ಲೆಕ್ಕಕ್ಕೋ ತುಂಬಿಬಿಡಬಾರದು. ‘ಲೆಕ್ಕ ಸಿಗದ್ದು’ ಎಂದೇ ಬರೆದು ಬೂದು ಬಣ್ಣದ ಪಟ್ಟೆಯಾಗಿ ಉಳಿಸಬೇಕು. ಮುಂದಿನ ತಿಂಗಳು ಅದು ಅಗಲವಾಗಿದೆಯೇ, ಕಿರಿದಾಗಿದೆಯೇ ಎಂದು ನೋಡಬಹುದು.

ಕಂಬ ಇನ್ನೊಂದು ಕಡೆಗೂ ವಾಲುವುದುಂಟು, ಬಂದದ್ದಕ್ಕಿಂತ ಹೋದದ್ದು ಹೆಚ್ಚಾಗಿ ಕಾಣುತ್ತದೆ. ಇದಕ್ಕೆ ಬಹುತೇಕ ಕಾರಣ ಒಂದೇ ಹಣವನ್ನು ಎರಡು ಸಲ ಬರೆದದ್ದು. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ದಿನಸಿಯನ್ನು ದಿನಸಿಯಲ್ಲೂ ಬರೆದು, ಅದೇ ಕಾರ್ಡಿನ ಬಿಲ್ ಕಟ್ಟಿದ್ದನ್ನು ಮತ್ತೊಂದು ಖರ್ಚೆಂದೂ ಬರೆದರೆ ಹೀಗಾಗುತ್ತದೆ. ಕೊಂಡ ದಿನವೇ ಖರ್ಚಾಯಿತೆಂದು ಹಿಡಿಯಬೇಕು. ತಿಂಗಳ ಕೊನೆಗೆ ಕಾರ್ಡಿನ ಬಾಕಿ ಏರಿದ್ದರೆ ಏರಿದಷ್ಟು ‘ಸಾಲ ತಂದದ್ದು’ ಎಂದು ಎಡಗಡೆ, ಇಳಿದಿದ್ದರೆ ಇಳಿದಷ್ಟು ‘ಸಾಲ ತೀರಿಸಿದ್ದು’ ಎಂದು ಬಲಗಡೆ ಬರುತ್ತದೆ. ಗಂಡನ ಖಾತೆಯಿಂದ ಹೆಂಡತಿಯ ಖಾತೆಗೆ ಕಳಿಸಿದ್ದು, ಎಟಿಎಂನಿಂದ ತೆಗೆದದ್ದು ಹರಿವೇ ಅಲ್ಲ. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದ ಹಣಕ್ಕೆ ಪಟ್ಟೆ ಬರೆಯಬಾರದು.

ಈ ಮನೆಯ ನಕ್ಷೆಯನ್ನು ಮೊದಲ ನೋಟಕ್ಕೆ ನೋಡಿದವರು ಜೂನ್ ತಿಂಗಳು ಉಳಿತಾಯ ಕರಗಿತು ಎಂದಾರು. ಇಎಂಐಯ ಪಟ್ಟೆಯನ್ನು ಇನ್ನೊಂದು ಹಂತ ಸೀಳಿದರೆ ಬೇರೆ ವಿಷಯ ಹೊರಬೀಳುತ್ತದೆ. 15,600ರಲ್ಲಿ 11,200 ಬಡ್ಡಿ, 4,400 ಅಸಲು. ಅಸಲು ತೀರಿದಷ್ಟೂ ಮನೆ ಅವರದಾಗುತ್ತಿದೆ. ಅಸಲಿನ 4,400, ಪಿಎಫ್‌ನ 3,600, ಚೀಟಿಯ 5,000 ಸೇರಿ 13,000 ರೂಪಾಯಿ ಬೇರೆ ಕಡೆ ಕೂಡಿದೆ. ಖಾತೆಯಿಂದ ತೆಗೆದ 12,300ಕ್ಕಿಂತ ಇದು 700 ಹೆಚ್ಚು. ಹಾಗಾಗಿ ಆ ತಿಂಗಳು ಕುಟುಂಬ ಹಿಂದೆ ಬೀಳಲಿಲ್ಲ, ಕೈಗೆ ಸಿಗುವ ಹಣ ಕೈಗೆ ಸಿಗದ ಹಣವಾಯಿತು. ಆದರೆ ಚೀಟಿಯನ್ನು ಇನ್ನೂ ಎತ್ತಿಲ್ಲದಿದ್ದರೆ ಮಾತ್ರ ಕಂತು ಉಳಿತಾಯ. ಈಗಾಗಲೇ ಎತ್ತಿ ಖರ್ಚು ಮಾಡಿದ್ದರೆ ಅದೇ ಕಂತು ಸಾಲದ ಮರುಪಾವತಿ. ಎತ್ತಿದ ತಿಂಗಳಲ್ಲಿ ಬಂದ ಇಡುಗಂಟು ಎಡಗಡೆ ದೊಡ್ಡ ಪಟ್ಟೆಯಾಗುತ್ತದೆ, ಅದನ್ನು ಆದಾಯದ ಬಣ್ಣದಲ್ಲಿ ಬರೆಯಬಾರದು.

ಕೈಯಲ್ಲಿ ಬರೆಯಲು ಬೇಸರವಾದವರಿಗೆ SankeyMATIC ಎಂಬ ಉಚಿತ ಜಾಲತಾಣವಿದೆ. ಎಲ್ಲಿಂದ, ಎಷ್ಟು, ಎಲ್ಲಿಗೆ ಎಂದು ಸಾಲಿಗೊಂದರಂತೆ ಕೊಟ್ಟರೆ ಚಿತ್ರ ಮೂಡುತ್ತದೆ:

```
ಸಂಬಳ [3800] ಕಡಿತ
ಸಂಬಳ [54200] ಮನೆ
ಹೊಲಿಗೆ [1900] ಹೊಲಿಗೆ ಸಾಮಾನು
ಹೊಲಿಗೆ [6100] ಮನೆ
ಉಳಿತಾಯದಿಂದ [12300] ಮನೆ
ಮನೆ [22200] ಶಾಲೆ
ಮನೆ [15600] ಇಎಂಐ
ಇಎಂಐ [11200] ಬಡ್ಡಿ
ಇಎಂಐ [4400] ಅಸಲು
```

ಉಳಿದ ಖರ್ಚುಗಳೂ ಹೀಗೆಯೇ. ಹೆಸರುಗಳ ಕಾಗುಣಿತ ಒಂದೇ ಇರಬೇಕು. ಒಂದು ಸಾಲಿನಲ್ಲಿ ‘ಇಎಂಐ’, ಇನ್ನೊಂದರಲ್ಲಿ ‘ಇಎಮ್‌ಐ’ ಎಂದರೆ ಎರಡು ಬೇರೆ ಕಂಬಗಳಾಗಿ ಹರಿವು ತುಂಡಾಗುತ್ತದೆ. ಓರೆಯಾಗಿ ಇಳಿಯುವ ಪಟ್ಟೆ ಇರುವುದಕ್ಕಿಂತ ತೆಳ್ಳಗೆ ಕಾಣುತ್ತದೆ, ಆದ್ದರಿಂದ ಅಗಲವನ್ನು ಕಂಬಕ್ಕೆ ಅಂಟಿದ ತುದಿಯಲ್ಲೇ ಹೋಲಿಸಬೇಕು. ವೃತ್ತಿ ತೆರಿಗೆಯ 200 ರೂಪಾಯಿ ಅರ್ಧ ಮಿಲಿಮೀಟರೂ ಆಗದು. ಅಂಥವನ್ನು ಮೇಲಿನಂತೆ ‘ಕಡಿತ’ ಎಂಬ ಒಂದೇ ಹೆಸರಿನಡಿ ಸೇರಿಸುವುದು ಲೇಸು.

ಜೂನ್ ಒಂದರ ನಕ್ಷೆ ನೋಡಿ ವರ್ಷವನ್ನು ಅಳೆಯುವಂತಿಲ್ಲ. ಶಾಲೆಯ 22,200 ಅಲ್ಲಿ 44.4 ಮಿಲಿಮೀಟರ್. ಅದೇ ಹಣವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,850, ಎಂದರೆ 3.7 ಮಿಲಿಮೀಟರ್, ಕರೆಂಟು-ಫೋನಿನ ಪಟ್ಟೆಗಿಂತ ಕಿರಿದು. ನಿಜವಾಗಿ ನಡೆದ ತಿಂಗಳಿನದೊಂದು, ವರ್ಷದ ಸರಾಸರಿಯದೊಂದು ಎಂದು ಎರಡು ನಕ್ಷೆ ಬೇಕು. ಎರಡನ್ನೂ ಒಂದರಲ್ಲೇ ಬೆರೆಸಿದರೆ ತಾಳೆ ಕೆಡುತ್ತದೆ.

ತಾರೀಕುಗಳನ್ನಂತೂ ಈ ನಕ್ಷೆ ತೋರಿಸುವುದೇ ಇಲ್ಲ. ಸಂಬಳ ಒಂದನೇ ತಾರೀಕಿಗೆ ಬಂದು ಇಪ್ಪತ್ತಕ್ಕೆ ಕೈ ಬರಿದಾದ ಮನೆಯೂ, ತಿಂಗಳಿಡೀ ನಿರಾಳವಾಗಿದ್ದ ಮನೆಯೂ ಇಲ್ಲಿ ಒಂದೇ ರೀತಿ ಕಾಣುತ್ತವೆ. ಇಪ್ಪತ್ತರ ನಂತರ ಕೈಗಡ ತರುವ ಮನೆಯವರು ನಕ್ಷೆಯ ಪಕ್ಕದಲ್ಲಿ ಕ್ಯಾಲೆಂಡರಿನ ಮೇಲೆ ದೊಡ್ಡ ಪಾವತಿಗಳ ದಿನಗಳನ್ನೂ ಗುರುತು ಹಾಕಿಟ್ಟುಕೊಳ್ಳಬೇಕು.